ಹನ್ನೊಂದು ಕೌಶಲಗಳ ಪಟ್ಟಿಯಲ್ಲಿ ಕೆಲಸ ಯಾವುದು?: ಒಂದು ಆಪ್ತಸಲಹೆ ಪ್ರಕರಣ

ಗುರುತು ಮರೆಮಾಡಲು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬಿ.ಕಾಂ. ಓದಿ, ತಮ್ಮೂರಿನ ಸೀರೆ ಅಂಗಡಿಯೊಂದಕ್ಕೆ ಎರಡು ವರ್ಷ ಇನ್‌ಸ್ಟಾಗ್ರಾಮ್ ಜಾಹೀರಾತು ನಡೆಸಿದ್ದ ಯುವತಿಯೊಬ್ಬರು, ಬೆಳೆಯುತ್ತಿರುವ ಆನ್‌ಲೈನ್ ಮಳಿಗೆಯೊಂದರಲ್ಲಿ ಹಣ ಕೊಟ್ಟು ಹಾಕಿಸುವ ಜಾಹೀರಾತುಗಳನ್ನು ನೋಡಿಕೊಳ್ಳುವ ‘ಪೇಯ್ಡ್ ಮೀಡಿಯಾ ಎಕ್ಸಿಕ್ಯೂಟಿವ್’ ಹುದ್ದೆಯ ಪ್ರಕಟಣೆಯನ್ನು ಅಚ್ಚು ಹಾಕಿಸಿಕೊಂಡು ನನ್ನಲ್ಲಿಗೆ ಬಂದರು. ಅದರಲ್ಲಿದ್ದ ಹನ್ನೊಂದು ಕೌಶಲಗಳ ಪೈಕಿ ನಾಲ್ಕರ ಮುಂದೆ ಮಾತ್ರ ಟಿಕ್ ಹಾಕಿ, “ಮೇಡಂ, ಇದಕ್ಕೆ ಅರ್ಜಿ ಹಾಕಿದರೆ ಸುಳ್ಳು ಹೇಳಿದಂತಾಗುತ್ತದೆ” ಎಂದರು.

ಗೂಗಲ್ ಆ್ಯಡ್ಸ್, ಇನ್‌ಸ್ಟಾಗ್ರಾಮ್ ಜಾಹೀರಾತು ನಡೆಸುವ ಮೆಟಾ ಆ್ಯಡ್ಸ್ ಮ್ಯಾನೇಜರ್, ಗೂಗಲ್‌ಗೆ ಸರಕುಗಳ ಪಟ್ಟಿ ಕಳುಹಿಸುವ ಮರ್ಚೆಂಟ್ ಸೆಂಟರ್, ಅನಲಿಟಿಕ್ಸ್, ಎಕ್ಸೆಲ್ ಮೊದಲಾದ ಸಾಧನಗಳ ಹೆಸರುಗಳ ನಡುವೆ, ‘ನಿಗದಿತ ರೋಆಸ್‌ಗೆ ತಕ್ಕಂತೆ ಬಜೆಟ್ ನಿರ್ವಹಣೆ’ ಎಂಬ ಒಂದು ಸಾಲು ಅಡಗಿ ಕುಳಿತಿತ್ತು. ಉಳಿದವೆಲ್ಲ ಕೆಲಸಕ್ಕೆ ಬೇಕಾದ ಉಪಕರಣಗಳು. ಸಂಬಳ ಕೊಡುವುದು ಈ ಸಾಲಿಗೆ ಎಂದು ನಾನು ತೋರಿಸಿದೆ. ರೋಆಸ್ ಎಂದರೆ ಜಾಹೀರಾತಿಗೆ ಹಾಕಿದ ಪ್ರತಿ ರೂಪಾಯಿಗೆ ಎಷ್ಟು ರೂಪಾಯಿಯ ಮಾರಾಟ ಬಂತು ಎಂಬ ಲೆಕ್ಕ.

ಅವರದೇ ಅಂಗಡಿಯ ಒಂದು ತಿಂಗಳನ್ನು ಕಾಗದದ ಮೇಲೆ ಬಿಡಿಸಿದೆವು. ಖರ್ಚು 20,000 ರೂಪಾಯಿ. ಮೆಟಾ ತೋರಿಸಿದ ಮಾರಾಟ 60,000, ಅಂದರೆ ರೋಆಸ್ 3. ಸಾವಿರ ರೂಪಾಯಿಯ ಸೀರೆಯಲ್ಲಿ ಅಸಲು, ಪ್ಯಾಕಿಂಗ್, ಕೊರಿಯರ್ ಕಳೆದು ಉಳಿಯುವುದು 400. ಹಾಗಾಗಿ ಜಾಹೀರಾತಿನ ಖರ್ಚು ಗಿಟ್ಟಬೇಕಾದರೆ ರೋಆಸ್ ಕನಿಷ್ಠ 2.5 ಇರಬೇಕು. ಇಲ್ಲಿಯವರೆಗೆ ಲಾಭವೇ ಕಂಡಿತು. ಆದರೆ ಅರವತ್ತು ಆರ್ಡರುಗಳಲ್ಲಿ ಹದಿನೈದು ಕ್ಯಾಶ್ ಆನ್ ಡೆಲಿವರಿಯವು ಮನೆ ಬಾಗಿಲಿನಿಂದಲೇ ವಾಪಸಾಗಿದ್ದವು. ವಾಪಸಾಗದೆ ಉಳಿದ ಮಾರಾಟ 45,000, ರೋಆಸ್ 2.25, ಸೀರೆಗೆ 400ರಂತೆ ಕೈಗೆ ಉಳಿದದ್ದು 18,000. ವಾಪಸಾದ ಸೀರೆಗಳ ಕೊರಿಯರ್ ವೆಚ್ಚ ಬಿಟ್ಟರೂ ಎರಡು ಸಾವಿರ ನಷ್ಟ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅದಕ್ಕೇ ನಾನು ಹೆಚ್ಚು ವಾಪಸು ಬರುವ ಊರುಗಳ ಜಾಹೀರಾತು ನಿಲ್ಲಿಸಿದ್ದು” ಎಂದರು. ಪ್ರಕಟಣೆ ಕೇಳುತ್ತಿದ್ದ ಅನುಭವ ಅದೇ ಆಗಿತ್ತು, ಮತ್ತು ಅದಕ್ಕೆ ಅವರು ಟಿಕ್ ಹಾಕಿರಲಿಲ್ಲ.

ನಾನು ಕೊಟ್ಟ ಸಲಹೆ ಹೀಗಿತ್ತು. ಮಾಲೀಕರ ಒಪ್ಪಿಗೆ ಪಡೆದು, ಗ್ರಾಹಕರ ವಿವರ ತೆಗೆದುಹಾಕಿ, ಈ ಲೆಕ್ಕವನ್ನು ಒಂದು ಪುಟದ ಎಕ್ಸೆಲ್ ಹಾಳೆಯಾಗಿ ಮಾಡಿ ಅರ್ಜಿಯ ಜೊತೆ ಕಳುಹಿಸಿ. ಗೂಗಲ್ ಆ್ಯಡ್ಸ್‌ನ ಮೂಲ ಪಾಠಗಳನ್ನು ಗೂಗಲ್‌ನ ಉಚಿತ ಕಲಿಕಾ ತಾಣವಾದ ಸ್ಕಿಲ್‌ಶಾಪ್‌ನಲ್ಲಿ ಕಲಿಯಿರಿ. ಮರ್ಚೆಂಟ್ ಸೆಂಟರ್ ಬಳಸಿಲ್ಲವೆಂದು ನೇರವಾಗಿ ಬರೆಯಿರಿ. ಆದರೆ ಜಾಲತಾಣದಲ್ಲಿರುವ ಬೆಲೆಗೂ ಅಲ್ಲಿಗೆ ಕಳುಹಿಸಿದ ಪಟ್ಟಿಯ ಬೆಲೆಗೂ ತಾಳೆಯಾಗದಿದ್ದರೆ ಸರಕು ತಿರಸ್ಕೃತವಾಗುತ್ತದೆ ಎಂಬಷ್ಟನ್ನಾದರೂ ತಿಳಿದಿರಿ.

ಪ್ರಕಟಣೆಯ ಕೊನೆಯಲ್ಲಿ ಚಿತ್ರ ವಿನ್ಯಾಸ ಮತ್ತು ಗ್ರಾಹಕರ ಸಂದೇಶಗಳಿಗೆ ಉತ್ತರವೂ ಸೇರಿದ್ದವು. ಇದು ನನಗೆ ಸರಿ ಕಾಣಲಿಲ್ಲ. ಮೂವರ ಕೆಲಸವನ್ನು ಒಬ್ಬರ ಮೇಲೆ ಹೊರಿಸುವ ಮಳಿಗೆಯಲ್ಲಿ ಜಾಹೀರಾತಿನ ಲೆಕ್ಕ ನೋಡಲು ಹೊತ್ತೇ ಸಿಗುವುದಿಲ್ಲ. ಆದ್ದರಿಂದ ತಿಂಗಳ ಬಜೆಟ್ ಎಷ್ಟು, ಚಿತ್ರಗಳನ್ನು ಯಾರು ಮಾಡುತ್ತಾರೆ, ನಿಗದಿತ ರೋಆಸ್ ವಾಪಸಾತಿ ಕಳೆಯುವ ಮೊದಲಿನದೋ ನಂತರದ್ದೋ ಎಂಬ ಮೂರು ಪ್ರಶ್ನೆಗಳನ್ನು ಸಂದರ್ಶನದಲ್ಲಿ ಕೇಳುವಂತೆ ಹೇಳಿದೆ. ಮೂರನೆಯದನ್ನು ಅವರು ಪ್ರಕಟಣೆಯ ಅಂಚಿನಲ್ಲೇ ಬರೆದುಕೊಂಡರು.