18,000 ಜನರಿಗೆ ತೋರಿಸಿದ ಮೇಲೂ ಯಾವ ಜಾಹೀರಾತು ಗೆದ್ದಿತು ಅಂತ ಹೇಳೋಕೆ ಆಗಲ್ವಾ?

ಪ್ರಶ್ನೆ: ದಾವಣಗೆರೆ ಚೌಕಿಪೇಟೆಯಲ್ಲಿ ನಮ್ಮದು ಸೀರೆ ಅಂಗಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಒಂದು ಫೋಟೊ ಆಡ್, ಒಂದು ವಿಡಿಯೊ ಆಡ್ ಹಾಕಿ 6 ದಿನ ಟೆಸ್ಟ್ ಮಾಡಿದೆ. ದಿನಕ್ಕೆ ತಲಾ 200 ರೂಪಾಯಿ. ಎರಡೂ ಹತ್ತಿರ ಹತ್ತಿರ 9,000 ಜನರನ್ನು ಮುಟ್ಟಿವೆ. ಫೋಟೊದಿಂದ ವಾಟ್ಸಾಪ್‌ಗೆ 18 ಜನ ಬಂದರು, ವಿಡಿಯೊದಿಂದ 27. ವಿಡಿಯೊ ಗೆದ್ದಿತು ಅಂತ ಫೋಟೊ ನಿಲ್ಲಿಸಬಹುದಾ? 18,000 ಜನ ಅಂದ್ರೆ ಸಾಕಲ್ವಾ?

ಉತ್ತರ:

ಇನ್ನೂ ಸಾಕಾಗಿಲ್ಲ. ನೀವು 18,000 ಎಣಿಸುತ್ತಿದ್ದೀರಿ, ಆದರೆ ಎಣಿಸಬೇಕಾದದ್ದು 45. ಆಡ್ ಕಂಡವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಹಾಗೇ ಮುಂದೆ ಸರಿಸಿಕೊಂಡು ಹೋಗಿದ್ದಾರೆ. ಯಾವ ಆಡ್ ಚೆನ್ನಾಗಿದೆ ಅನ್ನೋ ಸುಳಿವು ಕೊಟ್ಟವರು ಮೆಸೇಜ್ ಮಾಡಿದ ಆ 45 ಜನ ಮಾತ್ರ. ಸಾವಿರದಲ್ಲಿ ಇಬ್ಬರೋ ಮೂವರೋ ಬರುವಂಥ ಲೆಕ್ಕದಲ್ಲಿ, ನಿಮ್ಮ ಸ್ಯಾಂಪಲ್ ದೊಡ್ಡದೋ ಚಿಕ್ಕದೋ ಅನ್ನೋದನ್ನು ಬಂದವರ ಸಂಖ್ಯೆಯೇ ಹೇಳುತ್ತದೆ.

ಗಲ್ಲಾಪೆಟ್ಟಿಗೆಯಿಂದ ಒಂದು ರೂಪಾಯಿ ನಾಣ್ಯ ತಗೊಂಡು 45 ಸಲ ಚಿಮ್ಮಿಸಿ ನೋಡಿ. ಎರಡು ಮುಖಕ್ಕೂ ಸಮ ಅವಕಾಶ, ಅಲ್ವಾ? ಆದರೂ ಒಂದು ಕಡೆ 18, ಇನ್ನೊಂದು ಕಡೆ 27 ಬೀಳೋದು, ಅಥವಾ ಅದಕ್ಕಿಂತ ಜಾಸ್ತಿ ಅಂತರ ಆಗೋದು, ಇಂಥ ಆಟ ನಾಲ್ಕೈದು ಸಲ ಆಡಿದರೆ ಸರಾಸರಿ ಒಮ್ಮೆ ಕಾಣುತ್ತದೆ. ನಿಮ್ಮ ಎರಡೂ ಆಡ್ ಒಂದೇ ತೂಕದವು ಆಗಿದ್ದರೂ 18–27 ಬರಬಹುದಿತ್ತು ಅಂದಮೇಲೆ, ಆ 9 ಜನರ ವ್ಯತ್ಯಾಸವನ್ನು ನಂಬಿ ಫೋಟೊ ನಿಲ್ಲಿಸೋದು ಹೇಗೆ?

ನಾನು ಕಾಗದದ ಮೇಲೇ ಮಾಡುವ ಒಂದು ಸಣ್ಣ ಲೆಕ್ಕ ಇದೆ. ಎರಡೂ ಆಡ್ ಸಮಸಮ ಜನರನ್ನು ಮುಟ್ಟಿದ್ದರೆ ಮಾತ್ರ ಇದು ನಡೆಯುತ್ತದೆ. ನಿಮ್ಮದು ಸಮವೇ ಇದೆ.

```
(ವ್ಯತ್ಯಾಸ × ವ್ಯತ್ಯಾಸ) ÷ ಒಟ್ಟು
(9 × 9) ÷ 45 = 1.8
```

ಇದು 4 ದಾಟಬೇಕು. ಎರಡು ಆಡ್ ನಿಜಕ್ಕೂ ಸಮ ಇದ್ದಾಗ, ಬರೀ ಅದೃಷ್ಟದಿಂದ ಈ ಅಂಕಿ 4 ದಾಟೋದು ನೂರಕ್ಕೆ ಸುಮಾರು ಐದು ಸಲ ಮಾತ್ರ. ನಿಮ್ಮ 1.8 ಇನ್ನೂ ಅರ್ಧ ದಾರಿಗೂ ಬಂದಿಲ್ಲ.

ಹಾಗಾದರೆ ಎಷ್ಟು ಜನ ಬರಬೇಕು? ಅದು ನೀವು ಎಷ್ಟು ದೊಡ್ಡ ವ್ಯತ್ಯಾಸ ಹಿಡಿಯೋಕೆ ಹೊರಟಿದ್ದೀರಿ ಅನ್ನೋದರ ಮೇಲೆ ಹೋಗುತ್ತದೆ. ಒಂದು ಆಡ್ ಇನ್ನೊಂದರ ಒಂದೂವರೆ ಪಟ್ಟು ಜನರನ್ನು ತರುತ್ತದೆ ಅಂತಿಟ್ಟುಕೊಳ್ಳಿ. ನಿಮ್ಮ 18–27 ಅಷ್ಟೇ ತಾನೇ. ಅದನ್ನು ಹತ್ತಕ್ಕೆ ಎಂಟು ಸಲವಾದರೂ ಹಿಡಿಯಬೇಕು ಅಂದ್ರೆ ಎರಡೂ ಸೇರಿ ಸುಮಾರು 200 ಜನ ಬರಬೇಕು. ಆಗ 80–120 ಬಂದರೆ ವ್ಯತ್ಯಾಸ 40, ಲೆಕ್ಕ 8 ಬರುತ್ತದೆ, ನಿಶ್ಚಿಂತೆ. ಎರಡು ಪಟ್ಟು ವ್ಯತ್ಯಾಸ ಇದ್ದರೆ 72 ಜನ ಸಾಕು. ಕಾಲು ಭಾಗ ಮಾತ್ರ ಜಾಸ್ತಿ ಇರುವ ಆಡನ್ನು ಹಿಡಿಯಬೇಕಾದರೆ 650ರ ಹತ್ತಿರ ಬೇಕು.

ನಿಮಗೆ 6 ದಿನಕ್ಕೆ 45 ಜನ ಬಂದಿದ್ದಾರೆ, ಖರ್ಚು 2,400. ಇದೇ ಓಟದಲ್ಲಿ 200 ಮುಟ್ಟೋಕೆ ಒಟ್ಟು 27 ದಿನ ಬೇಕು. ನಾನಾದರೆ ನಾಲ್ಕು ವಾರ ಪೂರ್ತಿ ಬಿಡುತ್ತೇನೆ, ಯಾಕಂದ್ರೆ ಭಾನುವಾರದ ಗಿರಾಕಿ ಬೇರೆ, ಮಂಗಳವಾರದ ಗಿರಾಕಿ ಬೇರೆ. ಅಂದರೆ ಇನ್ನೂ 22 ದಿನ, 8,800 ರೂಪಾಯಿ. 650 ಜನರಿಗೆ ಸುಮಾರು ಮೂರು ತಿಂಗಳು ಹಿಡಿಯುತ್ತದೆ, ಅದು ನಿಮ್ಮ ಬಜೆಟ್ಟಿಗೆ ಬೇಡವೇ ಬೇಡ. ಹಿನ್ನೆಲೆ ಬಣ್ಣ ಬದಲಿಸೋದು, ‘ಈಗಲೇ ಮೆಸೇಜ್ ಮಾಡಿ’ ಅನ್ನೋ ಸಾಲು ತಿದ್ದೋದು, ಇಂಥ ಸಣ್ಣ ಟೆಸ್ಟ್‌ಗಳನ್ನು ಅದಕ್ಕೇ ನಾನು ಸಣ್ಣ ಅಂಗಡಿಗಳಿಗೆ ಮಾಡಿಸಲ್ಲ. ಮಡಿಚಿಟ್ಟ ಸೀರೆಯ ಫೋಟೊ ಒಂದು ಕಡೆ, ಸೆರಗು ಬಿಚ್ಚಿ ಹಿಡಿದು ಬೆಲೆ ಹೇಳುವ ವಿಡಿಯೊ ಇನ್ನೊಂದು ಕಡೆ, ಹೀಗೆ ಕಣ್ಣಿಗೆ ಹೊಡೆಯುವಷ್ಟು ಬೇರೆ ಇರೋದನ್ನೇ ಟೆಸ್ಟ್ ಮಾಡಿ.

ಇನ್ನೊಂದು ವಿಷಯ, ಇದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಚಿತ್ರದುರ್ಗದ ಒಂದು ರೆಡಿಮೇಡ್ ಬಟ್ಟೆ ಅಂಗಡಿಗೆ ದೀಪಾವಳಿ ಮುಂಚೆ ಎರಡು ಆಡ್ ಓಡಿಸಿದ್ದೆ. ದಿನಾ ಬೆಳಗ್ಗೆ ಎದ್ದ ತಕ್ಷಣ ಆಡ್ಸ್ ಮ್ಯಾನೇಜರ್ ತೆಗೆದು ನೋಡುತ್ತಿದ್ದೆ. ನಾಲ್ಕನೇ ದಿನ 4–14 ಆಗಿತ್ತು. ಲೆಕ್ಕ ಹಾಕಿದೆ: ವ್ಯತ್ಯಾಸ 10, ನೂರನ್ನು 18ರಿಂದ ಭಾಗಿಸಿದರೆ 5.6. 4 ದಾಟಿತು ಅಂತ ಮೊದಲನೆಯದನ್ನು ನಿಲ್ಲಿಸಿ, ಹಬ್ಬದ ದುಡ್ಡನ್ನೆಲ್ಲ ಎರಡನೆಯದಕ್ಕೆ ಸುರಿದೆ. ಗಿರಾಕಿ ಬಂದದ್ದು ನಾನು ಅಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ. ಹಬ್ಬ ಮುಗಿದ ಮೇಲೆ ಅಂಗಡಿಯವರು ಒಪ್ಪಿದರು, ಎರಡನ್ನೂ ಮತ್ತೆ ಮೂರು ವಾರ ಓಡಿಸಿದೆ. 58–61 ಬಂತು. ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

ತಪ್ಪಿದ್ದು ಎಲ್ಲಿ ಅಂದ್ರೆ, 4ರ ಗೆರೆ ಒಂದೇ ಒಂದು ಸಲ ನೋಡುವವರಿಗೆ ಎಳೆದದ್ದು. ದಿನಾ ಇಣುಕಿ, ದಾಟಿದ ದಿನವೇ ನಿಲ್ಲಿಸಿಬಿಟ್ಟರೆ ಅದೃಷ್ಟಕ್ಕೆ ದಿನಕ್ಕೊಂದು ಅವಕಾಶ ಕೊಟ್ಟ ಹಾಗೆ. ಸಮ ಇರುವ ಎರಡು ಆಡ್‌ಗಳನ್ನು ಐದು ಸಲ ಇಣುಕಿದರೆ ಸುಳ್ಳು ಗೆಲುವು ಕಾಣೋ ಸಾಧ್ಯತೆ ನೂರಕ್ಕೆ 5 ಇದ್ದದ್ದು 14 ಆಗುತ್ತದೆ. ಹತ್ತು ಸಲ ಇಣುಕಿದರೆ 19. ಅದಕ್ಕೆ ಈಗ ಟೆಸ್ಟ್ ಶುರು ಮಾಡುವ ಮೊದಲೇ ಡೈರಿಯಲ್ಲಿ ‘200 ಜನ, ನಾಲ್ಕು ವಾರ’ ಅಂತ ಬರೆದಿಡುತ್ತೇನೆ. ನಡುವೆ ಆಡ್ ರಿಜೆಕ್ಟ್ ಆಗಿಲ್ಲ, ದುಡ್ಡು ಸರಿಯಾಗಿ ಖರ್ಚಾಗುತ್ತಿದೆ ಅಂತ ಮಾತ್ರ ನೋಡುತ್ತೇನೆ. ನೀವು ಈಗಾಗಲೇ ಒಂದು ಸಲ ಇಣುಕಿದ್ದೀರಿ. ಪರವಾಗಿಲ್ಲ, ಇನ್ನು ಮುಂದೆ ಕೊನೆಯ ದಿನದವರೆಗೆ ಲೆಕ್ಕ ಹಾಕಬೇಡಿ.

ಹಾಗೆ ಬಿಡುವ ಮುಂಚೆ ಎರಡು ವಿಷಯ ನೋಡಿಕೊಳ್ಳಿ. ಎರಡೂ ಆಡ್ ಒಂದೇ ಆಡ್ ಸೆಟ್‌ನಲ್ಲಿ ಸುಮ್ನೆ ಕೂತಿವೆಯಾ, ಅಥವಾ ಆಡ್ಸ್ ಮ್ಯಾನೇಜರ್‌ನ A/B test ಮೂಲಕ ಹಾಕಿದ್ದೀರಾ? ಒಂದೇ ಸೆಟ್‌ನಲ್ಲಿದ್ದರೆ ಯಾವುದನ್ನು ಯಾರಿಗೆ ತೋರಿಸಬೇಕು ಅಂತ ಫೇಸ್‌ಬುಕ್ಕೇ ನಿರ್ಧರಿಸುತ್ತದೆ. ಒಂದು ಆಡ್ ಒಂದು ಥರದ ಜನರಿಗೆ, ಇನ್ನೊಂದು ಬೇರೆ ಥರದ ಜನರಿಗೆ ಹೋಗಬಹುದು, ಒಬ್ಬರೇ ಎರಡನ್ನೂ ನೋಡಬಹುದು. ಹಾಗಾಗಿದ್ದರೆ ಆ 45 ಜನರನ್ನು ಬಿಟ್ಟು, ಟೆಸ್ಟನ್ನು ಸರಿಯಾಗಿ ಹೊಸದಾಗಿ ಶುರು ಮಾಡಿ. ಎರಡನೆಯದು, ಮೆಸೇಜ್ ಎಣಿಸಬೇಡಿ, ಜನರನ್ನು ಎಣಿಸಿ. ‘ರೇಟ್ ಎಷ್ಟು?’ ಅಂತ ಒಬ್ಬರೇ ಮೂರು ದಿನ ಕೇಳಿದರೂ ಅದು ಒಂದೇ.

ದುಗ್ಗಮ್ಮನ ಜಾತ್ರೆಯೋ ಮದುವೆ ಸೀಸನ್ನೋ ನಡುವೆ ಬಂದರೆ ಎರಡೂ ಆಡ್‌ಗೆ ಒಟ್ಟಿಗೇ ಜನ ಏರುತ್ತಾರೆ, ಹಾಗಾಗಿ ಪಂದ್ಯಕ್ಕೆ ಮೋಸ ಇಲ್ಲ. ಆದರೆ ಆಗ ಗೆದ್ದದ್ದು ಮಾಮೂಲಿ ದಿನಗಳಲ್ಲೂ ಗೆಲ್ಲುತ್ತದೆ ಅಂತ ಹೇಳೋಕೆ ಬರಲ್ಲ.

ನಾಲ್ಕು ವಾರ ಕಾಯೋಕೆ ಆಗಲ್ಲ, ಇವತ್ತೇ ಒಂದನ್ನು ಉಳಿಸಿಕೊಳ್ಳಬೇಕು ಅಂದ್ರೆ ವಿಡಿಯೊ ಇಟ್ಟುಕೊಳ್ಳಿ. ಎರಡೂ ಸಮ ಇದ್ದರೆ ನಿಮಗೇನೂ ನಷ್ಟ ಇಲ್ಲ, ವಿಡಿಯೊ ನಿಜಕ್ಕೂ ಮೇಲಿದ್ದರೆ ಲಾಭ. ಆದರೆ ‘ನಮ್ಮ ಗಿರಾಕಿಗಳಿಗೆ ವಿಡಿಯೊನೇ ಆಗಬೇಕು’ ಅಂತ ತೀರ್ಮಾನಿಸಿ, ಮುಂದಿನ ತಿಂಗಳು ವಿಡಿಯೊ ತೆಗೆಸೋಕೆ ಹತ್ತಾರು ಸಾವಿರ ಹಾಕಬೇಡಿ. ಅಷ್ಟು ದೊಡ್ಡ ಖರ್ಚಿಗೆ ಈ 45 ಜನರ ಸಾಕ್ಷಿ ಸಾಲದು. 200 ಜನ ಬಂದ ಮೇಲೂ 4 ದಾಟದೆ 92–108 ಥರ ನಿಂತರೆ, ಇದೇ ಟೆಸ್ಟನ್ನು ಎಳೆಯಬೇಡಿ. ಎರಡರಲ್ಲಿ ನಿಮಗೆ ಮಾಡಿಸೋಕೆ ಸುಲಭವಾದದ್ದನ್ನು ಇಟ್ಟುಕೊಂಡು, ಅದರ ಎದುರು ಪೂರ್ತಿ ಬೇರೆಯೇ ಆದ ಮೂರನೇ ಆಡ್ ನಿಲ್ಲಿಸಿ.