ಘಾಟಿ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಯ್ತು, ಆಯಿಲ್‌ನಲ್ಲಿ ನೀರು ಅಂತಾರೆ

ಪ್ರಶ್ನೆ: ಸರ್, ಹೋದ ತಿಂಗಳು ಫ್ಯಾಮಿಲಿ ಸಮೇತ ಆಗುಂಬೆ ಘಾಟಿ ಇಳಿದ್ವಿ. ಕೆಳಗೆ ಸೋಮೇಶ್ವರ ಹತ್ರ ಬರೋಷ್ಟರಲ್ಲಿ ಪೆಡಲ್ ಸ್ಪಂಜ್ ಥರ ಒಳಗೆ ಹೋಗ್ತಿತ್ತು. ಗಾಡಿ ನಿಲ್ಸಿ ಅರ್ಧ ಮುಕ್ಕಾಲು ಗಂಟೆ ಬಿಟ್ಟು ನೋಡಿದ್ರೆ ಸರಿ ಇತ್ತು. ಮೆಕ್ಯಾನಿಕ್ "ನಾಲ್ಕು ವರ್ಷದ ಬ್ರೇಕ್ ಆಯಿಲ್, ನೀರು ಸೇರಿದೆ" ಅಂತ ಬದಲಾಯಿಸಿದ್ರು. ಮುಚ್ಚಳ ಟೈಟಾಗೇ ಇದೆಯಲ್ಲ, ನೀರು ಎಲ್ಲಿಂದ ಬಂತು? ಮುಚ್ಚಳದ ಮೇಲೆ ಡಾಟ್ 3 ಅಂತಿದೆ, ಅವ್ರು ಡಾಟ್ 4 ಹಾಕಿದಾರೆ, ತೊಂದ್ರೆ ಇಲ್ವಾ? ಉಳಿದ ಅರ್ಧ ಬಾಟ್ಲಿ ಮನೇಲಿದೆ, ಇಟ್ಕೊಳ್ಲಾ?

ಉತ್ತರ: ನಿಮ್ ಮೆಕ್ಯಾನಿಕ್ ಹೇಳಿದ್ದು ಸರಿಯಾಗೇ ಇದೆ. ನೀರನ್ನ ಯಾರೂ ಸುರಿದಿಲ್ಲ, ಗಾಳಿಯಿಂದ ಬಂದಿದ್ದು. ನಾವೆಲ್ಲ ಆಯಿಲ್ ಆಯಿಲ್ ಅಂತೀವಿ, ಆದ್ರೆ ಅದು ಎಣ್ಣೆ ಅಲ್ವೇ ಅಲ್ಲ, ಗ್ಲೈಕಾಲ್ ಈಥರ್ ಅನ್ನೋ ಜಾತಿಯ ದ್ರವ, ಅದರ ಅಣುವಿನಲ್ಲಿರೋ ಆಮ್ಲಜನಕ ನೀರಿನ ಅಣುವನ್ನ ಹಿಡ್ಕೊಳ್ಳತ್ತೆ, ಮಳೆಗಾಲದಲ್ಲಿ ಡಬ್ಬಿ ಉಪ್ಪು ಪಸೆ ಆಗಲ್ವಾ ಹಾಗೆ. ಮುಚ್ಚಳ ಟೈಟಿದ್ರೂ ಅದರಲ್ಲಿ ಗಾಳಿ ಆಡೋಕೆ ಸಣ್ಣ ದಾರಿ ಇರತ್ತೆ, ಯಾಕಂದ್ರೆ ಪ್ಯಾಡ್ ಸವೆದ ಹಾಗೆ ಆಯಿಲ್ ಮಟ್ಟ ಇಳೀಬೇಕಲ್ಲ. ಅದು ಬಿಟ್ರೆ ಚಕ್ರದ ಹತ್ರ ಇರೋ ರಬ್ಬರ್ ಹೋಸ್‌ಗಳ ಗೋಡೆ ದಾಟ್ಕೊಂಡೂ ಪಸೆ ನಿಧಾನಕ್ಕೆ ಒಳಗೆ ಹೋಗತ್ತೆ, ಹೋಸ್ ಲೀಕ್ ಆಗ್ಬೇಕು ಅಂತೇನಿಲ್ಲ.

ಹಾಗಾದ್ರೆ ನೀರು ಹೀರದೇ ಇರೋದನ್ನೇ ಹಾಕ್ಬಹುದಲ್ಲ ಅಂತೀರಾ? ಇದೆ, ಡಾಟ್ 5, ಸಿಲಿಕಾನ್‌ದು. ಅದರಲ್ಲಿ ಒಳಗೆ ಬಂದ ನೀರು ಬೆರೆಯೋದಿಲ್ಲ, ಹನಿಯಾಗಿ ತಗ್ಗಿನ ಜಾಗದಲ್ಲಿ, ಅಂದ್ರೆ ಕ್ಯಾಲಿಪರ್ ಹತ್ರನೇ ಕೂತು ತುಕ್ಕು ಹಿಡಿಸತ್ತೆ, 100 ಡಿಗ್ರಿ ಆಸುಪಾಸಿನಲ್ಲೇ ಕುದಿಯತ್ತೆ. ಹೀರ್ಕೊಂಡು ಇಡೀ ದ್ರವದಲ್ಲಿ ಹರಡೋದೇ ವಾಸಿ, ಆಗ ಕುದಿಯೋ ಬಿಂದು ಸ್ವಲ್ಪ ಸ್ವಲ್ಪವಾಗಿ ಇಳಿಯತ್ತೆ.

ಆ ಇಳಿಕೆನೇ ನಿಮಗೆ ಕೈ ಕೊಟ್ಟಿದ್ದು. ಲೆಕ್ಕ ನೋಡಿ, 1200 ಕೆಜಿ ಗಾಡಿ 500 ಮೀಟರ್ ಎತ್ತರ ಇಳಿದ್ರೆ ಬರೋ ಶಕ್ತಿ 18 ಲೀಟರ್ ತಣ್ಣೀರನ್ನ ಕುದಿಯೋ ಮಟ್ಟಕ್ಕೆ ತರೋಷ್ಟು. ಲೋ ಗೇರಲ್ಲಿ ಇಳಿದ್ರೆ ಎಂಜಿನ್ ಒಂದಿಷ್ಟು ತಗೊಳ್ಳತ್ತೆ, ನ್ಯೂಟ್ರಲ್ ಮಾಡಿ ಇಳಿದ್ರೆ ಹೆಚ್ಚೂಕಡಿಮೆ ಎಲ್ಲಾ ಡಿಸ್ಕು ಡ್ರಮ್ಮಿಗೇ (ದಯವಿಟ್ಟು ಪೆಟ್ರೋಲ್ ಉಳಿಸೋಕೆ ಹಾಗೆ ಮಾಡ್ಬೇಡಿ, ಉಳಿಯೋದೂ ಇಲ್ಲ). ಆ ಬಿಸಿ ಪ್ಯಾಡ್, ಪಿಸ್ಟನ್ ದಾಟಿ ಆಯಿಲ್‌ಗೆ ಬರತ್ತೆ. ಪೆಡಲ್ ಒತ್ತಿದಾಗ ಒತ್ತಡ ಜಾಸ್ತಿ ಇರೋದ್ರಿಂದ ಕುದಿಯಲ್ಲ, ಕಾಲು ತೆಗೆದ ಕೂಡ್ಲೆ ಒತ್ತಡ ಬಿದ್ದು ಆವಿ ಗುಳ್ಳೆ ಏಳತ್ತೆ, ಮುಂದಿನ ಸಲ ನೀವು ಒತ್ತಿದ್ದೆಲ್ಲ ಆ ಗುಳ್ಳೆ ಹಿಸುಕೋದಕ್ಕೇ ಹೋಗತ್ತೆ. ತಣ್ಣಗಾದ್ರೆ ಆವಿ ಮತ್ತೆ ದ್ರವ, ಪೆಡಲ್ ಮೊದಲಿನ ಹಾಗೆ. ಅದಕ್ಕೇ ನಿಮಗೆ ಆಮೇಲೆ ಏನೂ ಆಗಿಲ್ಲದ ಹಾಗೆ ಕಂಡಿದ್ದು. ತಣ್ಣಗಾದ ಮೇಲೂ ಮೆತ್ತಗೇ ಇದ್ರೆ ಅದು ಬೇರೆ ಕಥೆ, ಲೀಕೋ ಏರೋ ಮಾಸ್ಟರ್ ಸಿಲಿಂಡರೋ ನೋಡ್ಬೇಕು. ಪೆಡಲ್ ಗಟ್ಟಿಯಾಗೇ ಇದ್ದು ಗಾಡಿ ಮಾತ್ರ ನಿಲ್ತಿಲ್ಲ ಅಂದ್ರೆ ಪ್ಯಾಡ್ ಕಾದಿದೆ ಅಂತ.

ಇನ್ನು ನಂಬರ್. ಡಾಟ್ ಅಂದ್ರೆ ಅಮೆರಿಕದ ಸಾರಿಗೆ ಇಲಾಖೆಯ ಹೆಸರಿನ ಮೊದಲಕ್ಷರಗಳು, ಅವರ ಸ್ಟ್ಯಾಂಡರ್ಡ್ ಅದು. ನಂಬರ್ ದೊಡ್ಡದಾದ್ರೆ ಬ್ರೇಕ್ ಜೋರು ಹಿಡಿಯತ್ತೆ ಅಂತಲ್ಲ, ಬಾಳಿಕೆ ಜಾಸ್ತಿ ಅಂತಲೂ ಅಲ್ಲ. ಮುಖ್ಯವಾಗಿ ಅದು ಹೇಳೋದು ಕನಿಷ್ಠ ಎಷ್ಟು ಡಿಗ್ರಿ ತನಕ ಕುದಿಯಬಾರದು ಅಂತ, ಹೊಸದಾಗಿದ್ದಾಗ ಒಂದು, 3.7% ನೀರು ಸೇರಿದಾಗ ಇನ್ನೊಂದು. ಡಾಟ್ 3ಕ್ಕೆ 205 ಮತ್ತು 140 ಡಿಗ್ರಿ, ಡಾಟ್ 4ಕ್ಕೆ 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಚಳಿಯಲ್ಲಿ ಎಷ್ಟು ಗಟ್ಟಿ ಆಗ್ಬಹುದು ಅನ್ನೋ ಮಿತಿಯೂ ಇದೆ, ನಮಗೆ ಅದು ಅಷ್ಟು ಮುಖ್ಯ ಅಲ್ಲ. ನನಗೆ ಮುಖ್ಯ ಅನ್ಸೋದು ಎರಡನೇ ನಂಬರ್, ಯಾಕಂದ್ರೆ ಹಳೇ ಡಾಟ್ 4 (155) ಹೊಸ ಡಾಟ್ 3ಗಿಂತ (205) ಕಡೆ. ದುಬಾರಿ ಬಾಟ್ಲಿ ಹಾಕಿ ನಾಲ್ಕು ವರ್ಷ ಮರೆಯೋದಕ್ಕಿಂತ ಸಾದಾ ಬಾಟ್ಲಿ ಎರಡು ವರ್ಷಕ್ಕೊಮ್ಮೆ ಬದಲಾಯಿಸೋದು ಮೇಲು.

ಡಾಟ್ 3 ಜಾಗದಲ್ಲಿ ಡಾಟ್ 4 ಹಾಕಿದ್ದು ಸಾಮಾನ್ಯವಾಗಿ ತೊಂದ್ರೆ ಇಲ್ಲ, ಎರಡೂ ಗ್ಲೈಕಾಲ್ ಜಾತಿನೇ. ಉಲ್ಟಾ ಮಾಡ್ಬೇಡಿ. ಮತ್ತೆ 5 ಬೇರೆ, 5.1 ಬೇರೆ, ಅಂಗಡಿಯವ್ರೇ ಕನ್ಫ್ಯೂಸ್ ಆಗ್ತಾರೆ, 5.1 ಗ್ಲೈಕಾಲ್, 5 ಸಿಲಿಕಾನ್, ನಿಮ್ ಗಾಡಿಗೆ 5 ಬೇಡ್ವೇ ಬೇಡ.

ಬಣ್ಣ ನೋಡಿ ನೀರು ಎಷ್ಟಿದೆ ಅಂತ ಹೇಳೋಕಾಗಲ್ಲ, ತಿಳಿಯಾಗಿರೋ ಆಯಿಲ್‌ನಲ್ಲೂ ನೀರಿರತ್ತೆ. ಪೆನ್ ಥರದ ಮೀಟರ್ ಅಂದಾಜು ಮಾತ್ರ, ಆಯಿಲನ್ನ ನಿಜವಾಗಿ ಕುದಿಸಿ ನೋಡೋ ಟೆಸ್ಟರ್ ಕೆಲವು ಗ್ಯಾರೇಜ್‌ನಲ್ಲಿರತ್ತೆ, ಅದನ್ನ ನಂಬಬಹುದು.

ಆ ಅರ್ಧ ಬಾಟ್ಲಿ ಬೇಡ. ಸೀಲ್ ಒಡೆದಾಗಿಂದ ಅದೂ ಪಸೆ ಹೀರ್ತಾ ಕೂತಿದೆ. ಗ್ಯಾರೇಜಿನ ವೇಸ್ಟ್ ಆಯಿಲ್ ಜೊತೆ ಕೊಟ್ಬಿಡಿ, ಒಯ್ಯುವಾಗ ಬಾನೆಟ್ ಮೇಲೆ ಮಾತ್ರ ಇಡ್ಬೇಡಿ, ಚೆಲ್ಲಿದ್ರೆ ಪೇಂಟ್ ಎದ್ದು ಬರತ್ತೆ.