ಭಾನುವಾರದ ಕೆಲಸಕ್ಕೆ ಮಾಲೀಕರ ಒಪ್ಪಿಗೆ

*ಮಾನ್ಯ ಸಂಪಾದಕರೇ, ನಾನು ದಾವಣಗೆರೆಯ ಆಫ್‌ಸೆಟ್ ಮುದ್ರಣಾಲಯವೊಂದರಲ್ಲಿ ಡಿಸೈನರ್. ಚಿತ್ರದುರ್ಗದ ಪ್ರಕಾಶಕರೊಬ್ಬರು ಶನಿವಾರ ಸಂಜೆ, ಭಾನುವಾರಗಳಲ್ಲಿ ಪುಸ್ತಕಗಳ ಪುಟವಿನ್ಯಾಸ ಮಾಡಿಕೊಡಲು ಕೇಳಿದ್ದಾರೆ. ಮಾಲೀಕರಿಗೆ ಹೇಳಿದಾಗ ‘ನೋಡೋಣ’ ಎಂದರು. ಪತ್ರ ಕೊಡಬೇಕೇ? ಏನೆಂದು ಬರೆಯಲಿ?*
— ಓದುಗರೊಬ್ಬರು, ದಾವಣಗೆರೆ

ಪತ್ರ ಕೊಡಲೇಬೇಕು. ‘ನೋಡೋಣ’ ಎಂಬುದನ್ನು ಒಪ್ಪಿಗೆಯೆಂದು ತಿಳಿದು ಕೆಲಸ ಹಿಡಿದರೆ, ಮುಂದೊಂದು ದಿನ ಮುದ್ರಣಾಲಯದ ಪ್ರೂಫ್ ತಡವಾದಾಗ ಅದಕ್ಕೆ ನಿಮ್ಮ ಹೊರಗಿನ ಕೆಲಸವೇ ಕಾರಣವೆಂಬ ಮಾತು ಬರುತ್ತದೆ. ಮೊದಲು ನೇಮಕಾತಿ ಪತ್ರವನ್ನು ತೆಗೆದು ಓದಿರಿ. ಪೂರ್ವಾನುಮತಿಯಿಲ್ಲದೆ ಬೇರೆ ಕೆಲಸ ಮಾಡಬಾರದೆಂಬ ಷರತ್ತಿದ್ದರೆ ನಿಮ್ಮ ಪತ್ರದ ಮೊದಲ ಸಾಲಿನಲ್ಲೇ ಅದನ್ನು ಉಲ್ಲೇಖಿಸಿ. ಬೇರೆ ಕೆಲಸವನ್ನೇ ಪೂರ್ತಿ ನಿಷೇಧಿಸಿದ್ದರೆ ನೀವು ಕೇಳಬೇಕಾದದ್ದು ವಿನಾಯಿತಿ.

ಮಾಲೀಕರ ನಿಜವಾದ ಅಳುಕು ನಿಮ್ಮ ದಣಿವಿಗಿಂತ ಹೆಚ್ಚಾಗಿ ಗಿರಾಕಿಗಳದ್ದು: ಲಗ್ನಪತ್ರಿಕೆಗೆಂದು ಅಂಗಡಿಗೆ ಬಂದವರು ನಾಳೆ ನೇರವಾಗಿ ನಿಮ್ಮ ಮನೆಗೆ ಬಂದಾರು ಎಂಬುದು. ಆದ್ದರಿಂದ ‘ಫ್ರೀಲಾನ್ಸ್ ಕೆಲಸಕ್ಕೆ ಅನುಮತಿ ಕೊಡಿ’ ಎಂದು ಬಾಯ್ತುಂಬ ಕೇಳದೆ, ಕೆಲಸದ ಎಲ್ಲೆಯನ್ನು ನೀವೇ ಗೆರೆ ಎಳೆದು ತೋರಿಸಿ. ಹೀಗೆ ಬರೆಯಬಹುದು:

‘ಚಿತ್ರದುರ್ಗದ ಒಬ್ಬ ಪ್ರಕಾಶಕರಿಗೆ ಪುಸ್ತಕಗಳ ಪುಟವಿನ್ಯಾಸವನ್ನು ಮಾತ್ರ, ಶನಿವಾರ ಕೆಲಸ ಮುಗಿದ ಮೇಲೆ ಮತ್ತು ಭಾನುವಾರ, ನನ್ನ ಮನೆಯಲ್ಲಿ, ನನ್ನದೇ ಕಂಪ್ಯೂಟರಿನಲ್ಲಿ ಮಾಡಿಕೊಡಲು ಆರು ತಿಂಗಳ ಮಟ್ಟಿಗೆ ಅನುಮತಿ ಕೋರುತ್ತೇನೆ. ನಮ್ಮ ಮುದ್ರಣಾಲಯದ ಯಾವ ಗಿರಾಕಿಯ ಕೆಲಸವನ್ನೂ ಒಪ್ಪಿಕೊಳ್ಳುವುದಿಲ್ಲ. ಇಲ್ಲಿನ ಫೈಲು, ಫಾಂಟು, ಸಾಫ್ಟ್‌ವೇರುಗಳನ್ನು ಬಳಸುವುದಿಲ್ಲ. ಆ ಪುಸ್ತಕಗಳ ಮುದ್ರಣ ಎಲ್ಲೇ ನಡೆದರೂ ಅದರಲ್ಲಿ ಕಮಿಷನ್ ಪಡೆಯುವುದಿಲ್ಲ.’

ಕಮಿಷನ್ನಿನ ಮಾತು ಅನವಶ್ಯಕವೆನಿಸಬಹುದು, ಆದರೆ ನಮ್ಮ ಮುದ್ರಣದ ವ್ಯವಹಾರದಲ್ಲಿ ಅನುಮಾನ ಮೊದಲು ಹುಟ್ಟುವುದೇ ಅಲ್ಲಿ.

ಇನ್ನೊಂದು ವಾಕ್ಯವನ್ನು ದಯವಿಟ್ಟು ಬಿಡಬೇಡಿ: ‘ಈ ವಿನ್ಯಾಸಗಳ ಮೇಲೆ ಮುದ್ರಣಾಲಯದ ಹಕ್ಕು ಇರುವುದಿಲ್ಲವೆಂದು ತಿಳಿಸಬೇಕಾಗಿ ವಿನಂತಿ.’ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರನು ತನ್ನ ನೌಕರಿಯ ಭಾಗವಾಗಿ ರಚಿಸಿದ್ದರ ಮೊದಲ ಹಕ್ಕುದಾರ ಮಾಲೀಕನೇ. ಭಾನುವಾರ ಮನೆಯಲ್ಲಿ ಮಾಡಿದ್ದು ಆ ಮಾತಿನೊಳಗೆ ಸಹಜವಾಗಿ ಬರುವುದಿಲ್ಲ. ಆದರೆ ನೀವು ಎರಡೂ ಕಡೆ ಮಾಡುವುದು ವಿನ್ಯಾಸವನ್ನೇ ಆದ್ದರಿಂದ, ಮುದ್ರಣಾಲಯದ ಕಂಪ್ಯೂಟರಿನಲ್ಲಿ ಒಂದು ಅಧ್ಯಾಯ ತೆರೆದರೂ ವಾದಕ್ಕೆ ಎಡೆಯಾಗುತ್ತದೆ.

‘ಕಚೇರಿಯ ಕೆಲಸಕ್ಕೆ ಎಂದೂ ತೊಂದರೆಯಾಗದು’ ಎಂದು ಮಾತು ಕೊಡಬೇಡಿ. ಲಗ್ನದ ದಿನಗಳಲ್ಲಿ ಅದು ಉಳಿಯುವುದಿಲ್ಲ. ಅಂಥ ಭಾನುವಾರ ಕರೆ ಬಂದರೆ ಹೊರಗಿನ ಕೆಲಸವನ್ನು ಮುಂದೂಡುವೆನೆಂದು ಬರೆಯಿರಿ, ಪ್ರಕಾಶಕರಿಗೆ ಕೊಡುವ ಗಡುವಿನಲ್ಲೂ ಅದಕ್ಕೆ ಜಾಗ ಇಟ್ಟುಕೊಳ್ಳಿ.

ಎರಡು ಪ್ರತಿ ಒಯ್ದು, ಒಂದರ ಮೇಲೆ ತಲುಪಿದ ದಿನಾಂಕ ಮತ್ತು ಸಹಿ ಪಡೆಯಿರಿ. ಅದು ಪತ್ರ ತಲುಪಿದ್ದಕ್ಕೆ ಗುರುತು ಮಾತ್ರ. ‘ಅನುಮತಿಸಲಾಗಿದೆ’ ಎಂಬ ಬರಹ ಕೈಗೆ ಬರುವವರೆಗೆ ಪ್ರಕಾಶಕರಿಂದ ಮುಂಗಡ ತೆಗೆದುಕೊಳ್ಳಬೇಡಿ.

— ಸಂ.